ನೋಂಬಿನ ತಿಂಗಳಲ್ಲಿ ಕೆಲಸದ ಸಮಯವನ್ನು ಊಟ–ಮದ್ದಿನ ಹೊತ್ತಿಗೆ ಹೊಂದಿಸಿಕೊಡುವಂತೆ ಅರ್ಜಿ

ಬದಿಯಡ್ಕ
09–02–2026

ಇವರಿಗೆ,
ಕಾರ್ಯದರ್ಶಿಗಳು,
ಅಡಿಕೆ ಖರೀದಿ ಕೇಂದ್ರ, ಬದಿಯಡ್ಕ

ಇವರಿಂದ,
ಅಬೂಬಕ್ಕರ್ ಬಿ.,
ಗೋದಾಮು ಪಾಲಕ

ಮಾನ್ಯರೇ,

ಈ ಸಲ ರಂಜಾನ್ ನೋಂಬು ಚಂದ್ರದರ್ಶನ ನೋಡಿಕೊಂಡು ಫೆಬ್ರವರಿ 18 ಅಥವಾ 19ಕ್ಕೆ ಶುರುವಾಗಿ ಮಾರ್ಚ್ 20ರ ಹೊತ್ತಿಗೆ ಮುಗಿಯುತ್ತದೆ. ನನಗೆ ಸಕ್ಕರೆ ಕಾಯಿಲೆ ಇರುವುದು ತಮಗೆ ತಿಳಿದೇ ಇದೆ. ಜನವರಿ 20ರಂದು ಡಾಕ್ಟರಿಗೆ ತೋರಿಸಿದ್ದೇನೆ. ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ, 7.2 ಇದೆ. ಮದ್ದಿನ ಹೊತ್ತು ಬದಲಿಸಿ, ಮೀಟರಿನಲ್ಲಿ ನೋಡಿಕೊಳ್ಳುತ್ತಾ ನೋಂಬು ಹಿಡಿಯಬಹುದು ಎಂದಿದ್ದಾರೆ. ಕೆಲಸದ ಸಮಯವೂ ಅದಕ್ಕೆ ಹೊಂದಿಕೊಂಡರೆ ಮಾತ್ರ ಇದು ನಡೆಯುವಂಥದ್ದು. ಹಾಗಾಗಿ ಈ ಅರ್ಜಿ.

ಮೊದಲು ಮದ್ದಿನ ವಿಷಯ. ಈಗ ಬೆಳಗಿನ ತಿಂಡಿಗೆ ಮೊದಲು ಗ್ಲಿಮೆಪಿರೈಡ್ 1 ಮಿ.ಗ್ರಾಂ, ಬೆಳಿಗ್ಗೆ–ರಾತ್ರಿ ಊಟದ ಜೊತೆ ಮೆಟ್‌ಫಾರ್ಮಿನ್ 500 ತೆಗೆದುಕೊಳ್ಳುತ್ತಿದ್ದೇನೆ. ನೋಂಬಿನಲ್ಲಿ ಮೆಟ್‌ಫಾರ್ಮಿನ್ ಸಹರಿಗೊಂದು, ಇಫ್ತಾರಿಗೊಂದು. ಗ್ಲಿಮೆಪಿರೈಡ್ ಮಾತ್ರ ಸಂಜೆಗೆ ಹೋಗುತ್ತದೆ. ಅದು ಹೊಟ್ಟೆಯಲ್ಲಿ ಊಟ ಇದೆಯೋ ಇಲ್ಲವೋ ನೋಡದೆ ಇನ್ಸುಲಿನ್ ಹೊರಡಿಸುವ ಮಾತ್ರೆ. ಎರಡು ಖರ್ಜೂರ ತಿಂದು, ಮಾತ್ರೆ ನುಂಗಿ, ಮತ್ತೆ ತೂಕದ ಲೆಕ್ಕಕ್ಕೆ ಕೂತರೆ ಖರ್ಜೂರದ ಸಕ್ಕರೆ ಬೇಗ ಇಳಿದುಹೋಗುತ್ತದೆ, ಮಾತ್ರೆಯ ಕೆಲಸ ಮುಂದುವರಿಯುತ್ತಲೇ ಇರುತ್ತದೆ. ಆದ್ದರಿಂದ ಅದನ್ನು ಪೂರ್ತಿ ಊಟ ಎದುರಿಗಿರುವಾಗಲೇ ತೆಗೆದುಕೊಳ್ಳಬೇಕು.

ನಮ್ಮಲ್ಲಿ ಈ ತಿಂಗಳು ಸುಬಹಿ ಬಾಂಕ್ ಸುಮಾರು 5.35ಕ್ಕೆ (ಕೊನೆಯ ವಾರಕ್ಕೆ 5.25ರ ಹತ್ತಿರ), ಮಗ್ರಿಬ್ ಸುಮಾರು 6.40ಕ್ಕೆ. ಅಂದರೆ ಹದಿಮೂರು ಗಂಟೆಯ ನೋಂಬು. ಅದರಲ್ಲಿ ಸಕ್ಕರೆ ಇಳಿಯುವ ಅಪಾಯ ಹೆಚ್ಚಿರುವುದು ಕೊನೆಯ ಎರಡು–ಮೂರು ಗಂಟೆಗಳಲ್ಲಿ. ಈಗಿನ ಸಮಯದ ಪ್ರಕಾರ ಸರಿಯಾಗಿ ಆ ಹೊತ್ತಿಗೇ ನಾನು ಏಣಿ ಹತ್ತಿ ಅಟ್ಟಿ ಎಣಿಸುತ್ತಿರುತ್ತೇನೆ, ಆಮೇಲೆ 5.30ಕ್ಕೆ ಬೈಕ್ ಹತ್ತುತ್ತೇನೆ. ಎರಡೂ ಆಗಬಾರದು.

ನನ್ನ ಕೋರಿಕೆ ಇಷ್ಟು. ಈಗ 9.30ರಿಂದ 5.30, ನಡುವೆ ಒಂದು ಗಂಟೆ ಊಟದ ಬಿಡುವು: ಒಟ್ಟು ಏಳು ಗಂಟೆ ಕೆಲಸ. ನೋಂಬಿನ ತಿಂಗಳು 8.30ರಿಂದ 4ರ ತನಕ, ನಡುವೆ ಅರ್ಧ ಗಂಟೆ ಬಿಡುವಿನೊಂದಿಗೆ ಬಿಟ್ಟುಕೊಟ್ಟರೆ ಅದೇ ಏಳು ಗಂಟೆ ಆಗುತ್ತದೆ, ಸಂಬಳದ ಲೆಕ್ಕಕ್ಕೆ ಏನೂ ತೊಡಕಿಲ್ಲ. ಶುಕ್ರವಾರ ಜುಮಾದ ಬಿಡುವು ಎಂದಿನಂತೆ ಸಾಕು. ಗೋಣಿ ಅಟ್ಟಿ ಹಾಕಿಸುವುದು, ಏಣಿಯ ಕೆಲಸ, ಶೀಟಿನ ಮಾಡಿನ ಕೆಳಗಿನ ಎಣಿಕೆ ಇವನ್ನೆಲ್ಲ ಬೆಳಿಗ್ಗೆ 11.30ರ ಒಳಗೆ ಮುಗಿಸುತ್ತೇನೆ. ಮಧ್ಯಾಹ್ನದ ನಂತರ ಚೀಟಿ ಬರೆಯುವುದು, ರಿಜಿಸ್ಟರ್, ಕೃಷಿಕರ ಪಾವತಿ ಪಟ್ಟಿ. ಮಾರ್ಚ್ ತಿಂಗಳ ಸೆಕೆಯಲ್ಲಿ ನೀರಿಲ್ಲದೆ ಆ ಶೀಟಿನಡಿ ನಿಂತರೆ ಸಕ್ಕರೆ ಇಲ್ಲದವರಿಗೂ ತಲೆ ತಿರುಗುತ್ತದೆ, ಅದು ಬೇರೆ ಮಾತು.

ವರ್ಷಾಂತ್ಯದ ಸ್ಟಾಕ್ ಎಣಿಕೆಯಲ್ಲಿ ನನ್ನ ಪಾಲನ್ನು ಮಾರ್ಚ್ 23, ಸೋಮವಾರದಿಂದ ಇಟ್ಟುಕೊಂಡರೆ 31ರ ಒಳಗೆ ಧಾರಾಳ ಮುಗಿಯುತ್ತದೆ. ಅದಕ್ಕೂ ಮೊದಲು ಯಾವುದಾದರೂ ದಿನ ಲೋಡ್ ತಡವಾಗಿ ಬಂದು ನಿಲ್ಲಲೇಬೇಕಾದರೆ, 6.35ರಿಂದ 7.15ರ ತನಕ ಊಟಕ್ಕೆ ಬಿಡಬೇಕು. ಹತ್ತು ನಿಮಿಷದಲ್ಲಿ ನೀರು ಕುಡಿದು ಬರುವ ಬಿಡುವು ನನಗೆ ಉಪಯೋಗವಿಲ್ಲ, ಕಾರಣ ಮೇಲೆಯೇ ಹೇಳಿದೆ.

ಕೆಲಸದ ನಡುವೆ 11ಕ್ಕೆ, 1ಕ್ಕೆ, 3.30ಕ್ಕೆ ಐದೈದು ನಿಮಿಷ ಮೀಟರಿನಲ್ಲಿ ನೋಡಬೇಕು. ಬೆರಳಿನ ಹನಿ ರಕ್ತದಿಂದ ನೋಂಬು ಮುರಿಯುವುದಿಲ್ಲ. ಇದನ್ನು ತೂಕದ ಕೋಣೆಯಲ್ಲಿ ಮಾಡಲಾಗುವುದಿಲ್ಲ. ಕೈಗೆ ಅಡಿಕೆಯ ಧೂಳು ಮೆತ್ತಿರುತ್ತದೆ, ಬೆರಳಲ್ಲಿ ಸಿಹಿಯ ಅಂಟೇನಾದರೂ ಉಳಿದಿದ್ದರೆ ಮೀಟರು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ, ಇಳಿದದ್ದು ಗೊತ್ತೇ ಆಗುವುದಿಲ್ಲ. ಸೋಪಿನಲ್ಲಿ ತೊಳೆದು, ಪೂರ್ತಿ ಒರೆಸಿಕೊಂಡು ನೋಡಬೇಕು. ಆಫೀಸಿನ ಒಳಕೋಣೆಯ ಮೇಜಿನ ಒಂದು ಡ್ರಾಯರ್ ಕೊಟ್ಟರೆ ಸಾಕು. ಸೂಜಿಗಳನ್ನು ಮುಚ್ಚಳದ ಗಟ್ಟಿ ಡಬ್ಬಿಯಲ್ಲಿ ಹಾಕಿ ನಾನೇ ಮನೆಗೆ ಒಯ್ಯುತ್ತೇನೆ, ಗುಡಿಸುವವರ ಕೈಗೆ ಚುಚ್ಚಬಾರದು.

ಇನ್ನು ಮುಖ್ಯವಾದದ್ದು. 70ಕ್ಕಿಂತ ಕೆಳಗೆ ಬಂದರೆ ಅಥವಾ 300 ದಾಟಿದರೆ ನಾನು ಆ ದಿನದ ನೋಂಬನ್ನು ಅಲ್ಲಿಯೇ ಬಿಡುತ್ತೇನೆ, ಬಾಂಕಿಗೆ ಹತ್ತೇ ನಿಮಿಷ ಉಳಿದಿದ್ದರೂ ಸರಿ. ರೋಗಿಗೆ ರಿಯಾಯಿತಿ ಕುರ್‌ಆನಿನಲ್ಲೇ ಇದೆ (2:184–185). 70ರಿಂದ 90ರ ನಡುವೆ ಇದ್ದರೆ ಕೂತು, ಒಂದು ಗಂಟೆಯೊಳಗೆ ಮತ್ತೊಮ್ಮೆ ನೋಡುತ್ತೇನೆ. ಇಳಿದಾಗ ಮೂರು ಟೀ ಚಮಚ ಸಕ್ಕರೆ ಅರ್ಧ ಲೋಟ ನೀರಿಗೆ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡುವುದು, ಏರದಿದ್ದರೆ ಇನ್ನೊಮ್ಮೆ ಅಷ್ಟೇ. ಚಾಕೊಲೇಟ್, ಬಿಸ್ಕತ್ತು ಆಗ ಆಗುವುದಿಲ್ಲ, ಅದರ ಎಣ್ಣೆ–ಬೆಣ್ಣೆಯಿಂದಾಗಿ ಸಕ್ಕರೆ ನಿಧಾನ ಏರುತ್ತದೆ. ಏರಿದ ಮೇಲೆ ಏನಾದರೂ ತಿಂಡಿ ತಿನ್ನಬೇಕು. ಆಮೇಲೆ ಒಂದು ಗಂಟೆ ಬೈಕ್ ಇಲ್ಲ, ಏಣಿಯೂ ಇಲ್ಲ.

ಗೋದಾಮಿನ ಗಣೇಶಣ್ಣನಿಗೂ ಕ್ಯಾಶಿನಲ್ಲಿ ಕೂರುವ ಸುಮತಿಯಕ್ಕನಿಗೂ ಇದನ್ನು ಹೇಳಿಕೊಡಲು ತಮ್ಮ ಒಪ್ಪಿಗೆ ಬೇಕು. ಸಕ್ಕರೆ ತೀರಾ ಇಳಿದಾಗ ನನಗೇ ಅದು ತಿಳಿಯದೆ ಹೋಗಬಹುದು. ಕೈ ನಡುಗುವುದು, ತಣ್ಣನೆ ಬೆವರು, ಸುಮ್ಮಸುಮ್ಮನೆ ಸಿಡುಕುವುದು, ಒಂದೇ ಗೋಣಿಯ ತೂಕವನ್ನು ಎರಡು ಸಲ ಕೂಗುವುದು ಕಂಡರೆ ನೇರ ಸಕ್ಕರೆ ನೀರು ಕೊಡಲಿ. “ಬ್ಯಾರಿಗಳು ನೋಂಬಿನಲ್ಲಿದ್ದಾರಲ್ಲ, ಹೇಗೆ ಕೊಡುವುದು” ಎಂದು ಮರ್ಯಾದೆಗೆ ಕಾಯಬಾರದು. ನನ್ನ ದೊಡ್ಡ ಹೆದರಿಕೆ ಇದೇ. ನಾನು ಬೇಡವೆಂದು ತಲೆಯಾಡಿಸಿದರೂ ಕುಡಿಸಲಿ. ನುಂಗುವ ಎಚ್ಚರ ಇಲ್ಲದಿದ್ದರೆ ಮಾತ್ರ ಬಾಯಿಗೆ ಏನೂ ಹಾಕದೆ, ಮಗ್ಗುಲಿಗೆ ಹೊರಳಿಸಿ ಮಲಗಿಸಿ 108ಕ್ಕೆ ಫೋನ್ ಮಾಡಲಿ. ಸಕ್ಕರೆಯ ಡಬ್ಬಿ, ಚಮಚ, ಲೋಟ ಅದೇ ಡ್ರಾಯರಿನಲ್ಲಿ ಇಟ್ಟಿರುತ್ತೇನೆ. ಉಳಿದವರಿಗೆ ಕಾಯಿಲೆಯ ವಿವರ ತಿಳಿಯುವ ಅಗತ್ಯವಿಲ್ಲ.

ಮೊದಲ ಮೂರು ದಿನದ ರೀಡಿಂಗ್ ಡಾಕ್ಟರಿಗೆ ತೋರಿಸಬೇಕಾಗಿದೆ, ಅದಕ್ಕಾಗಿ ಫೆಬ್ರವರಿ 23, ಸೋಮವಾರ ಅರ್ಧ ದಿನದ ರಜೆ ಕೋರುತ್ತೇನೆ. ಎರಡು ಸಲ 70ಕ್ಕಿಂತ ಕೆಳಗೆ ಬಂದರೆ ಈ ವರ್ಷದ ನೋಂಬು ನಿಲ್ಲಿಸಲು ಅವರು ಹೇಳಿದ್ದಾರೆ. ಹಾಗಾದ ದಿನದಿಂದ ಹಳೆಯ ಸಮಯಕ್ಕೇ ಬರುತ್ತೇನೆ. ಆಗ ಬೆಳಗಿನ ಮಾತ್ರೆ ಮತ್ತೆ ಶುರುವಾಗುವುದರಿಂದ, ಕೃಷಿಕರ ಸಾಲು ಎಷ್ಟೇ ಉದ್ದ ಇರಲಿ, 1.30ರ ಒಳಗೆ ಊಟಕ್ಕೆ ಬಿಡಬೇಕು.

ಫೆಬ್ರವರಿ 16ರ ಒಳಗೆ ತಮ್ಮ ಉತ್ತರ ಸಿಕ್ಕರೆ ಗಣೇಶಣ್ಣನ ಜೊತೆ ಸಂಜೆಯ ಬೀಗದ ಕೈ, ರಿಜಿಸ್ಟರ್ ಹಸ್ತಾಂತರ ಮಾತಾಡಿಕೊಳ್ಳಲು ಎರಡು ದಿನ ಸಿಗುತ್ತದೆ. 4ರಿಂದ 5.30ರ ತನಕ ಬೀಗದ ಕೈ ಇಟ್ಟುಕೊಳ್ಳಲು ಅವರು ಒಪ್ಪಿದ್ದಾರೆ. ಬದಲಿಗೆ ಬೆಳಗಿನ ಮೊದಲ ಒಂದು ಗಂಟೆಯ ಲೋಡ್ ನಾನೇ ಇಳಿಸಿಕೊಳ್ಳುತ್ತೇನೆ.

ಡಾಕ್ಟರ ಚೀಟಿಯ ಪ್ರತಿಯನ್ನು ಲಗತ್ತಿಸಿದ್ದೇನೆ.

ತಮ್ಮ ವಿಶ್ವಾಸಿ,
ಅಬೂಬಕ್ಕರ್ ಬಿ.