ಅಮ್ಮನಿಗೆ ಎರಡು ಹುಟ್ಟುಹಬ್ಬ

ಫೋಟೋದಲ್ಲಿರೋದು ನಮ್ಮಮ್ಮ. ಹೋದ ಫೆಬ್ರವರಿಯಲ್ಲಿ ತೆಗೆದದ್ದು. ತಂಗಿ ಮದುವೆ ಮುಗಿದು ನಾಲ್ಕನೇ ದಿನ. ಮನೆ ಮುಂದಿನ ಚಪ್ಪರ ಇನ್ನೂ ಬಿಚ್ಚಿರಲಿಲ್ಲ, ಇವಳು ಆಗಲೇ ಕಣಕ್ಕಿಳಿದು ರೋಬಸ್ಟಾ ಹಣ್ಣು ಹರಡುತ್ತಿದ್ದಳು. ಕೈಯಲ್ಲಿ ಮದುವೆಗೆ ತೊಟ್ಟ ಹಸಿರು ಬಳೆ, ಸೀರೆ ಮೇಲೆ ಅಪ್ಪನ ಹಳೇ ತುಂಬುತೋಳಿನ ಶರ್ಟು. "ಥೂ, ಈ ಅವತಾರದಲ್ಲಿ ತೆಗೀಬೇಡ ಕಣೋ! ರೇಷ್ಮೆ ಸೀರೆ ಉಟ್ಟಿದ್ದಾಗ ಎಲ್ಲೋಗಿದ್ದೆ?" ಅಂತ ಬೈದಳು. ರೇಷ್ಮೆ ಸೀರೆ ಫೋಟೋ ನೆಂಟರೆಲ್ಲರ ಹತ್ರಾನೂ ಇದೆ ಅಮ್ಮ. ಇದು ನನ್ನ ಹತ್ರ ಮಾತ್ರ ಇರೋದು.

ಇವತ್ತು ಜೂನ್ 1. ಆಧಾರ್ ಕಾರ್ಡ್ ಪ್ರಕಾರ ಅಮ್ಮನ ಹುಟ್ಟುಹಬ್ಬ. ನಮ್ಮೂರಲ್ಲಿ ಅವಳ ವಯಸ್ಸಿನ ಅರ್ಧ ಜನರ ಹುಟ್ಟುಹಬ್ಬವೂ ಇವತ್ತೇ! ಸ್ಕೂಲಿಗೆ ಸೇರಿಸಲು ಹೋದಾಗ ಮೇಷ್ಟ್ರು ಕೇಳಿದ್ದು, ಅಜ್ಜ ತಲೆ ಕೆರೆದುಕೊಂಡಿದ್ದು, ಮೇಷ್ಟ್ರು ಜೂನ್ 1 ಅಂತ ಬರೆದುಕೊಂಡಿದ್ದು. ಅಷ್ಟೇ ಕಥೆ. ಅಜ್ಜಿಯ ಲೆಕ್ಕ ಬೇರೆ. "ಆರಿದ್ರಾ ಮಳೆ ಹಿಡಿದು ಮೂರು ದಿನ ಆಗಿತ್ತು, ಸೂಲಗಿತ್ತಿ ಹಳ್ಳ ದಾಟೋಕಾಗ್ದೆ ಆ ದಡದಲ್ಲೇ ನಿಂತಿದ್ಲು" ಅನ್ನುತ್ತಿದ್ದಳು. ಅಂದರೆ ಜೂನ್ ಕೊನೆ ವಾರ. ಹಾಗಾಗಿ ಅಮ್ಮನಿಗೆ ಎರಡು ಹುಟ್ಟುಹಬ್ಬ, ಒಂದು ಮೇಷ್ಟ್ರು ಕೊಟ್ಟಿದ್ದು, ಇನ್ನೊಂದು ಮಳೆ ಕೊಟ್ಟಿದ್ದು. ಎರಡಕ್ಕೂ ಈ ಮಗ ಊರಲ್ಲಿಲ್ಲ.

ವರ್ಷದ ರಜೆಯೆಲ್ಲ ಮದುವೆಗೇ ಮುಗಿಯಿತು. ಅದನ್ನು ಹೇಳಿದಾಗ ಅಮ್ಮ, "ಬರೋದೇನೂ ಬ್ಯಾಡ, ಈ ಮಳೇಲಿ ಬಂದು ಏನ್ಮಾಡ್ತೀಯ, ಕರೆಂಟೂ ಇರಲ್ಲ" ಅಂದಳು. ಆಮೇಲೆ ಒಂದು ನಿಮಿಷ ಬಿಟ್ಟು, "ಹಲಸಿನ ಹಣ್ಣು ಈ ಸಲ ಜಾಸ್ತಿ ಬಿಟ್ಟೈತೆ, ತಿನ್ನೋರೇ ಇಲ್ಲ" ಅಂದಳು. ನಮ್ಮಮ್ಮ ಬಾ ಅಂತ ಕರೆಯೋದು ಹೀಗೆ.

ನಾನಿರೋ ಹ್ಯಾಂಬರ್ಗ್‌ನಲ್ಲಿ ಕಾಲುವೆ ಪಕ್ಕ ಕೆಂಪು ಇಟ್ಟಿಗೆಯ ದೊಡ್ಡ ದೊಡ್ಡ ಹಳೇ ಗೋದಾಮುಗಳಿವೆ. ಒಂದು ಕಾಲದಲ್ಲಿ ಹಡಗಲ್ಲಿ ಬಂದ ಕಾಫಿ, ಟೀ, ಸಾಂಬಾರ ಪದಾರ್ಥವನ್ನೆಲ್ಲ ಅಲ್ಲೇ ತುಂಬಿಡುತ್ತಿದ್ದರು. ಈಗ ಟೂರಿಸ್ಟುಗಳು ನೋಡಲು ಬರುತ್ತಾರೆ. ಅಲ್ಲೊಂದು ಕಡೆ ಈಗಲೂ ಕಾಫಿ ಹುರಿಯುತ್ತಾರೆ. ಆಫೀಸಿಂದ ಬರುವಾಗ ಆ ವಾಸನೆ ಬಂದರೆ ಕಾಲು ತಾನಾಗೇ ನಿಧಾನ ಆಗುತ್ತೆ. ಆದರೆ ಅವರ ಕಾಫಿ ಕುಡಿದರೆ ಬರೀ ಕಹಿ. ಚಿಕೋರಿ ಇಲ್ಲ, ಬೆಲ್ಲ ಇಲ್ಲ, "ಇನ್ನೊಂದು ಲೋಟ ಕುಡಿಯೋ" ಅನ್ನೋರಂತೂ ಇಲ್ಲವೇ ಇಲ್ಲ. ನೀನು ಹಳೇ ಪೇಪರಲ್ಲಿ ಸುತ್ತಿ, ಮೇಲೆ ಎರಡು ಪ್ಲಾಸ್ಟಿಕ್ ಕವರ್ ಹಾಕಿ, ದಾರ ಕಟ್ಟಿ ಕೊಟ್ಟ ಪುಡಿ ಮೊನ್ನೆ ಮುಗಿಯಿತು. ಡಬ್ಬಿ ತೊಳೆದಿಲ್ಲ. ಸುಮ್ನೆ ಮುಚ್ಚಳ ತೆಗೆದು ಮೂಸಿ ಇಡುತ್ತೇನೆ. ನಗಬೇಡ.

ಅಮ್ಮನ ಜೊತೆ ವಿಡಿಯೋ ಕಾಲ್ ಅಂದರೆ ನನಗೆ ಕಾಣೋದು ಅವಳ ಹಣೆಯ ಕುಂಕುಮ, ಅರ್ಧ ಕನ್ನಡಕ ಮತ್ತು ಮಾಡಿನ ಹೆಂಚು. ಫೋನ್ ಸ್ವಲ್ಪ ಕೆಳಗೆ ಮಾಡು ಅಂದರೆ ಕೋಳಿ ಕಾಣುತ್ತೆ. ಮೊನ್ನೆ ಹತ್ತು ನಿಮಿಷ ಪೂರ್ತಿ ಕೆಸದ ಗಿಡ ನೋಡಿಕೊಂಡೇ ಮಾತಾಡಿದೆ. ಅಷ್ಟರಲ್ಲಿ ಸಕಲೇಶಪುರದ ಕಡೆಯಿಂದ ಗುಡುಗಿತು, ಕಾಲ್ ಕಟ್ಟಾಯಿತು. ಆಮೇಲೆ ಎರಡು ದಿನ ಸಿಗಲಿಲ್ಲ. ಅಡಿಕೆ ಮರ ಲೈನ್ ಮೇಲೆ ಬಿದ್ದಿತ್ತಂತೆ.

ಇನ್ನು ಉಡುಗೊರೆ ವಿಷಯ. ಇಷ್ಟು ವರ್ಷದಲ್ಲಿ ಅಮ್ಮ ಬಾಯಿಬಿಟ್ಟು ಕೇಳಿದ್ದು ಒಂದೇ, "ನಿಮ್ಮೂರಲ್ಲೂ ಮಳೆ ಅಂತೀಯಲ್ಲ, ಅಲ್ಲಿಯೋರು ಏನ್ ಹಾಕ್ಕೊತಾರೋ ಅಂಥದ್ದೊಂದು ತಂದ್ಕೊಡು." ಕಳಿಸಿದ್ದೇನೆ. ಹಳದಿ ಬಣ್ಣದ ರೈನ್‌ಕೋಟ್, ಟೋಪಿ ಅದಕ್ಕೇ ಹೊಲಿದಿದೆ. ತಂಗಿ ಇವತ್ತು ಹಾಸನದಿಂದ ತಗೊಂಡು ಬರುತ್ತಿದ್ದಾಳೆ. ನನಗೆ ಗೊತ್ತು, ನೀನು ಅದನ್ನು ಮುಟ್ಟಿ ನೋಡಿ, "ಎಷ್ಟಾಯ್ತೋ?" ಅಂತ ಮೂರು ಸಲ ಕೇಳಿ, ಮಡಚಿ ಬೀರುವಿನಲ್ಲಿ ರೇಷ್ಮೆ ಸೀರೆ ಪಕ್ಕ ಇಡುತ್ತೀಯ. ಆಮೇಲೆ ಗೊಬ್ಬರದ ಚೀಲದ ಕೊಪ್ಪೆಯನ್ನೇ ತಲೆ ಮೇಲೆ ಹಾಕಿಕೊಂಡು ತೋಟಕ್ಕೆ ಹೋಗುತ್ತೀಯ.

ಹಾಗೆ ಮಾಡಬೇಡ ಅಮ್ಮ. ಇಟ್ಟು ಪೂಜೆ ಮಾಡೋದಕ್ಕಲ್ಲ ಅದು. ಮಣ್ಣಾಗಲಿ, ಜಿಗಣೆ ಹತ್ತಲಿ, ಕಾಫಿ ಗಿಡಕ್ಕೆ ಸಿಕ್ಕಿ ಹರಿಯಲಿ. ಇನ್ನೊಂದು ಕಳಿಸುತ್ತೇನೆ.

ಹುಟ್ಟುಹಬ್ಬದ ಶುಭಾಶಯ ಅಮ್ಮ. ಇದು ಮೇಷ್ಟ್ರ ಲೆಕ್ಕದ್ದು. ಆರಿದ್ರಾ ಬಂದಾಗ ಇನ್ನೊಂದು ಸಲ ಹೇಳುತ್ತೇನೆ. (ಅಕ್ಕಂದಿರಾ, ಅಣ್ಣಂದಿರಾ, ಕಾಮೆಂಟಲ್ಲಿ ವಿಶ್ ಮಾಡಿ, ತಂಗಿ ಓದಿ ಹೇಳುತ್ತಾಳೆ. ಇವತ್ತೇ ಹುಟ್ಟಿದ ಉಳಿದ ಅಮ್ಮಂದಿರಿಗೂ ಸೇರಿಸಿ ಹೇಳಿಬಿಡಿ.)

ರಾತ್ರಿ ಎಂಟೂವರೆಗೆ ಕಾಲ್ ಮಾಡುತ್ತೇನೆ, ಇಲ್ಲಿ ಆಗ ಸಂಜೆ ಐದು. ನೀರಿನ ತೊಟ್ಟಿ ಹತ್ರ ಬಂದು ನಿಂತ್ಕೋ, ಅಲ್ಲಿ ಮಾತ್ರ ನೆಟ್‌ವರ್ಕ್ ಸಿಗೋದು. ಮಳೆ ಬರುತ್ತಿದ್ದರೆ ಹಳದಿ ಕೋಟ್ ಹಾಕ್ಕೊಂಡು ಬಾ. ಫೋನ್ ಸ್ವಲ್ಪ ದೂರ ಹಿಡಿ, ಪೂರ್ತಿ ಕಾಣಬೇಕು.