ಭಾಗ 6: ಬಜೆಟ್ ವಿವರಣೆ — ಹದಿನಾರು ಹಳ್ಳಿಗಳ ಕುಡಿಯುವ ನೀರಿನ ಪರೀಕ್ಷೆ (12 ತಿಂಗಳು)

ಕೇಳುತ್ತಿರುವ ಒಟ್ಟು ಮೊತ್ತ: ರೂ. 7,87,712

ಈ ಬಜೆಟ್‌ನ ಹೆಚ್ಚಿನ ಅಂಕಿಗಳು ಎರಡು ಎಣಿಕೆಗಳಿಂದ ಹುಟ್ಟಿವೆ. ಅವನ್ನು ಮೊದಲೇ ಹೇಳಿಬಿಡುತ್ತೇವೆ. ಆಮೇಲೆ ಯಾವ ಸಾಲನ್ನಾದರೂ ನೀವೇ ಕ್ಯಾಲ್ಕುಲೇಟರ್ ಹಿಡಿದು ತಾಳೆ ನೋಡಬಹುದು.

ಮೊದಲನೆಯದು ಮಾದರಿಗಳ ಸಂಖ್ಯೆ. 16 ಹಳ್ಳಿಗಳು, ಹಳ್ಳಿಗೆ 4 ನೀರಿನ ಮೂಲ, ಅಂದರೆ 64 ಮೂಲಗಳು. ಮೂರು ತಿಂಗಳಿಗೊಮ್ಮೆ ಒಂದು ಸುತ್ತು, ವರ್ಷಕ್ಕೆ 4 ಸುತ್ತು. 64 × 4 = 256 ಮಾದರಿಗಳು.

ಎರಡನೆಯದು ಓಡಾಟದ ದಿನಗಳು. ದಿನಕ್ಕೆ ಎರಡು ಹಳ್ಳಿ, 8 ಮಾದರಿ. 256 ÷ 8 = 32 ದಿನ. ಅನುಮಾನ ಬಂದ ಮೂಲಗಳಿಗೆ ಮತ್ತೆ ಹೋಗಲು ಸುತ್ತಿಗೆ 2 ದಿನ, ಒಟ್ಟು 8 ದಿನ. ಎರಡೂ ಸೇರಿ 40 ದಿನ.

ನಾಲ್ಕು ಸುತ್ತು ಯಾಕೆ, ಒಂದು ಸಾಲದೇ ಅಂತ ನೀವು ಕೇಳಬಹುದು. ಬೇಸಿಗೆಯಲ್ಲಿ ಚೆನ್ನಾಗಿದ್ದ ತೆರೆದ ಬಾವಿ ಮಳೆ ಬಿದ್ದ ಮೇಲೆ ಕೆಟ್ಟಿರಬಹುದು. ಮಳೆನೀರು ಕೊಚ್ಚೆಯನ್ನೂ ಹೊಲದ ಗೊಬ್ಬರವನ್ನೂ ತೊಳೆದು ತರುತ್ತದೆ. ಒಂದೇ ಸಲ ನೋಡಿ "ಈ ನೀರು ಕುಡಿಯಬಹುದು" ಎಂದು ಬೋರ್ಡ್ ಹಾಕಲು ನಮಗೆ ಧೈರ್ಯವಿಲ್ಲ. ಆ ಬೋರ್ಡ್ ನೋಡಿ ಮಕ್ಕಳಿಗೆ ನೀರು ಕೊಡುವವರಿದ್ದಾರೆ.

ಬೆಲೆಗಳ ಬಗ್ಗೆ: ಸಾಲು 5ರಿಂದ 11ರವರೆಗೆ ಮೂರು ಮೂರು ಕೊಟೇಶನ್ ತೆಗೆದುಕೊಂಡಿದ್ದೇವೆ. ನಮಗೆ ಬೇಕಾದ ಗುಣಮಟ್ಟಕ್ಕೆ ಸರಿಹೊಂದಿದವುಗಳಲ್ಲಿ ಕಡಿಮೆಯದನ್ನೇ ಹಾಕಿದ್ದೇವೆ. ತೆರಿಗೆ, ಸಾಗಾಟ ಎಲ್ಲವೂ ಅದರಲ್ಲೇ ಸೇರಿದೆ. ಕೊಟೇಶನ್‌ಗಳು ಸಾಲಿನ ಸಂಖ್ಯೆಯ ಕ್ರಮದಲ್ಲೇ ಅನುಬಂಧದಲ್ಲಿವೆ.

ಸಿಬ್ಬಂದಿ: ರೂ. 3,67,992

ಸಾಲು 1. ಯೋಜನಾ ಸಂಯೋಜಕರು. ತಿಂಗಳ ಸಂಬಳ 36,000 × 40% × 12 = ರೂ. 1,72,800.

40% ಎಂಬುದು ಸುಮ್ನೆ ಹಾಕಿದ ಅಂಕಿಯಲ್ಲ. ತಿಂಗಳಿಗೆ 22 ಕೆಲಸದ ದಿನ ಎಂದರೆ ವರ್ಷಕ್ಕೆ 264 ದಿನ, ಅದರ 40% ಸುಮಾರು 105 ದಿನ. ಆ ದಿನಗಳು ಹೀಗೆ ಹಂಚಿಹೋಗುತ್ತವೆ: ಪರೀಕ್ಷಕರ ಜೊತೆ ಹಳ್ಳಿಗೆ ಹೋಗಿ ಕೆಲಸ ನೋಡಲು 12, ಗ್ರಾಮ ಸಭೆಗಳಿಗೆ 16, ತರಬೇತಿಗೆ 3, ವೇಳಾಪಟ್ಟಿ ಮತ್ತು ಹಳ್ಳಿಯವರ ಜೊತೆ ಮಾತುಕತೆಗೆ 24, ಫಲಿತಾಂಶಗಳನ್ನು ತಾಳೆ ನೋಡಲು 24, ನಾಲ್ಕು ವರದಿಗಳಿಗೆ 20, ಖರೀದಿಗೆ 6. ಉಳಿದ 60% ಸಂಬಳ ನಮ್ಮ ಬೇರೆ ಕೆಲಸಗಳಿಂದ ಬರುತ್ತದೆ. ಅದನ್ನು ತೋರಿಸುವ ಹಾಜರಿ ಪಟ್ಟಿಯನ್ನು ಪ್ರತಿ ತಿಂಗಳೂ ಇಡುತ್ತೇವೆ.

ಸಾಲು 2. ನೀರು ಪರೀಕ್ಷಕರು, ಇಬ್ಬರು. 79 ದಿನ × 2 ಜನ × ದಿನಕ್ಕೆ 900 = ರೂ. 1,42,200.

ಮೊದಲ ಕರಡಿನಲ್ಲಿ ಇಬ್ಬರಿಗೂ ಹನ್ನೆರಡು ತಿಂಗಳ ಪೂರ್ತಿ ಸಂಬಳ ಬರೆದಿದ್ದೆವು. ಕೆಲಸವನ್ನು ದಿನಗಳಾಗಿ ಎಣಿಸಿದಾಗ ಅದು ನಿಲ್ಲಲಿಲ್ಲ, ತೆಗೆದುಹಾಕಿದೆವು. ಈಗಿನ ಎಣಿಕೆ ಹೀಗಿದೆ: ಮಾದರಿ ತೆಗೆದು ಅದೇ ದಿನ ಪರೀಕ್ಷಿಸಲು 32, ಮಲದ ಅಂಶ ತೋರಿಸುವ ಸೀಸೆಗಳನ್ನು ಮರುದಿನಗಳಲ್ಲಿ ನೋಡಿ ದಾಖಲಿಸಲು 16, ಮರುಭೇಟಿಗೆ 8, ಸಭೆಗಳಿಗೆ 16, ತರಬೇತಿಗೆ 3, ಪ್ರತಿ ಸುತ್ತಿಗೆ ಮುಂಚೆ ಉಪಕರಣ ಸರಿಪಡಿಸಿ ನೋಡಲು 4. ಒಬ್ಬರನ್ನೇ ಕಳಿಸಿದರೆ ಈ ಸಾಲು ಅರ್ಧಕ್ಕೆ ಇಳಿಯುತ್ತದೆ, ನಿಜ. ಆದರೆ ಒಬ್ಬರು ನೀರು ಹಿಡಿಯುವಾಗ ಇನ್ನೊಬ್ಬರು ಸಮಯ, ಮೂಲದ ಸಂಖ್ಯೆ, ಲೇಬಲ್ ಬರೆಯಬೇಕು. ಕೈಗವಸು ಹಾಕಿದ ಕೈಯಲ್ಲಿ ಪೆನ್ನು ಹಿಡಿದರೆ ಗವಸು ಹಾಕಿದ್ದೂ ವ್ಯರ್ಥ. ಜೊತೆಗೆ, ಲೇಬಲ್ ಅದಲು ಬದಲಾದರೆ ಒಳ್ಳೆಯ ಬಾವಿಗೆ ಕೆಟ್ಟ ಹೆಸರು ಬರುತ್ತದೆ, ಕೆಟ್ಟದ್ದು ಹಾಗೇ ಉಳಿಯುತ್ತದೆ.

ಸಾಲು 3. ಲೆಕ್ಕಪತ್ರ ಸಹಾಯಕರು. 24,000 × 10% × 12 = ರೂ. 28,800. ತಿಂಗಳಿಗೆ ಎರಡು ದಿನದ ಕೆಲಸ.

ಸಾಲು 4. ಭವಿಷ್ಯನಿಧಿಗೆ ಸಂಸ್ಥೆಯ ಪಾಲು. ಸಾಲು 1 ಮತ್ತು 3ರ ಮೊತ್ತ 2,01,600 × 12% = ರೂ. 24,192.

ಉಪಕರಣ: ರೂ. 74,500

ಸಾಲು 5. ಕೈಯಲ್ಲಿ ಒಯ್ಯಬಹುದಾದ ಫೋಟೋಮೀಟರ್, 1 × 68,000 = ರೂ. 68,000.

ಒಂದೇ ವಸ್ತುವಿಗೆ ಇಷ್ಟು ಜಾಸ್ತಿ ಬೇರೆಲ್ಲೂ ಕೇಳಿಲ್ಲ, ಹಾಗಾಗಿ ಬಿಡಿಸಿ ಹೇಳುತ್ತೇವೆ. ಇದು ಫ್ಲೋರೈಡ್ ಮತ್ತು ನೈಟ್ರೇಟ್ ಎರಡನ್ನೂ ಅಂಕಿಯಲ್ಲಿ ತೋರಿಸುತ್ತದೆ. ಬಣ್ಣ ನೋಡಿ ಅಂದಾಜು ಮಾಡುವ ಅಗ್ಗದ ಕಿಟ್‌ಗಳಿವೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಫ್ಲೋರೈಡ್‌ಗೆ ಹೇಳಿರುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ. 1.3 ಮತ್ತು 1.7ರ ನಡುವಿನ ಬಣ್ಣದ ವ್ಯತ್ಯಾಸವನ್ನು ಬರಿಗಣ್ಣಿನಲ್ಲಿ ಹೇಳುವುದು ಕಷ್ಟ. ನಮಗೆ ಬೇಕಾಗಿರುವುದು ಸರಿಯಾಗಿ ಆ ವ್ಯತ್ಯಾಸವೇ. ಫ್ಲೋರೈಡ್ ಕುದಿಸಿದರೆ ಹೋಗುವಂಥದ್ದಲ್ಲ. ಆದ್ದರಿಂದ ತಪ್ಪು ಓದಿದರೆ ಮನೆಯಲ್ಲಿ ಸರಿಮಾಡಿಕೊಳ್ಳುವ ದಾರಿಯೂ ಇರುವುದಿಲ್ಲ.

ಎಲ್ಲವನ್ನೂ ಲ್ಯಾಬ್‌ಗೇ ಕಳಿಸಿದರೆ? 256 × 1,400 = ರೂ. 3,58,400 ಆಗುತ್ತದೆ. ಫೋಟೋಮೀಟರ್, ಪಿಎಚ್ ಮೀಟರ್, ಸಾಲು 7ರಿಂದ 10ರವರೆಗಿನ ಸಾಮಗ್ರಿ, ಲ್ಯಾಬ್‌ನ ಎರಡು ಸಾಲು ಎಲ್ಲಾ ಸೇರಿದರೂ ರೂ. 1,97,600. ಓಡಾಟ ಮತ್ತು ಕೂಲಿ ಎರಡೂ ದಾರಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ಬರುವುದರಿಂದ ಈ ಹೋಲಿಕೆಯಲ್ಲಿ ಅವನ್ನು ಸೇರಿಸಿಲ್ಲ. ಯೋಜನೆ ಮುಗಿದ ಮೇಲೂ ಫೋಟೋಮೀಟರ್ ಇದೇ ಹಳ್ಳಿಗಳ ಪರೀಕ್ಷೆಗೇ ಇರುತ್ತದೆ.

ಸಾಲು 6. ಪಿಎಚ್ ಮತ್ತು ವಾಹಕತೆ ಮೀಟರ್, 1 × 6,500 = ರೂ. 6,500.

ಪರೀಕ್ಷಾ ಸಾಮಗ್ರಿ: ರೂ. 61,900

ಸಾಲು 7. ಫ್ಲೋರೈಡ್ ರೀಏಜೆಂಟ್. 256 ಮಾದರಿ + 32 ಎರಡನೇ ಸಲದ ಪರೀಕ್ಷೆ + 64 (32 ದಿನ, ದಿನಕ್ಕೊಂದು ಬ್ಲ್ಯಾಂಕ್, ಒಂದು ಸ್ಟ್ಯಾಂಡರ್ಡ್) = 352. ನೂರು ಪರೀಕ್ಷೆಯ ಪ್ಯಾಕ್‌ನಲ್ಲಿ ಬರುತ್ತದೆ, 4 × 4,200 = ರೂ. 16,800. ಉಳಿಯುವ 48 ಪರೀಕ್ಷೆಗಳು ಮಿತಿ ದಾಟಿದ ಮಾದರಿಗಳನ್ನು ಮತ್ತೊಮ್ಮೆ ನೋಡಲು.

ಬ್ಲ್ಯಾಂಕ್ ಎಂದರೆ ಶುದ್ಧ ನೀರು, ಸ್ಟ್ಯಾಂಡರ್ಡ್ ಎಂದರೆ ಪ್ರಮಾಣ ಮೊದಲೇ ಗೊತ್ತಿರುವ ದ್ರಾವಣ. ಇವುಗಳಿಗೆ 64 ಪರೀಕ್ಷೆ ಖರ್ಚು ಮಾಡುವುದು ದುಂದು ಅನ್ನಿಸಬಹುದು ಅಲ್ವಾ? ಇವಿಲ್ಲದಿದ್ದರೆ ಮೀಟರ್ ಅವತ್ತು ಸರಿಯಾಗಿತ್ತೋ ಇಲ್ಲವೋ ಹೇಳಲು ನಮ್ಮ ಹತ್ತಿರ ಏನೂ ಇರುವುದಿಲ್ಲ. ಬೇರೆ ಎಲ್ಲಿ ಕತ್ತರಿ ಹಾಕಿದರೂ ಇಲ್ಲಿ ಹಾಕಬೇಡಿ ಎಂದು ಕೇಳಿಕೊಳ್ಳುತ್ತೇವೆ.

ಸಾಲು 8. ನೈಟ್ರೇಟ್ ರೀಏಜೆಂಟ್. ಅದೇ 352. ಐವತ್ತರ ಪ್ಯಾಕ್, 8 × 2,600 = ರೂ. 20,800. ನೈಟ್ರೇಟ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 50 ಮಿಲಿಗ್ರಾಂ. ಬಾಟಲಿ ಹಾಲು ಕುಡಿಯುವ ಎಳೆಗೂಸುಗಳಿಗೆ ಇದು ಹೆಚ್ಚು ಅಪಾಯ.

ಸಾಲು 9. ಸ್ಟ್ಯಾಂಡರ್ಡ್ ದ್ರಾವಣ 2 × 1,800 = 3,600. ಪಿಎಚ್ ಬಫರ್ ಒಂದು ಸೆಟ್ 800. ಡಿಸ್ಟಿಲ್ಡ್ ವಾಟರ್ 4 ಕ್ಯಾನ್ × 100 = 400. ಒಟ್ಟು ರೂ. 4,800.

ಸಾಲು 10. ಎಚ್‌ಟುಎಸ್ ಸೀಸೆಗಳು. 256 + 32 + ದಿನಕ್ಕೊಂದು ಬ್ಲ್ಯಾಂಕ್ 32 = 320. ಒಡೆಯುವುದು, ಸೋರುವುದು 5%, ಅಂದರೆ 16. ಒಟ್ಟು 336. ಹತ್ತರ ಕಟ್ಟಿನಲ್ಲಿ ಬರುವುದರಿಂದ 340 × 35 = ರೂ. 11,900. ಮಲದಿಂದ ಕೆಟ್ಟ ನೀರಾಗಿದ್ದರೆ ಸೀಸೆ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಬೆಚ್ಚಗಿನ ಕೋಣೆಯಲ್ಲಿಟ್ಟರೆ ಸಾಕು, ಹಾಗಾಗಿ ಇನ್‌ಕ್ಯುಬೇಟರ್ ಕೇಳಿಲ್ಲ.

ಸಾಲು 11. ಕ್ರಿಮಿಮುಕ್ತ ಸೀಸೆ 80 × 30 = 2,400 (ಲ್ಯಾಬ್‌ಗೆ 72, ಹೆಚ್ಚುವರಿ 8; ಕ್ಲೋರಿನ್ ಹಾಕಿದ ನೀರಿಗೆ ಬೇಕಾದ ಥಯೋಸಲ್ಫೇಟ್ ಒಳಗೇ ಇರುತ್ತದೆ). ಅರ್ಧ ಲೀಟರ್ ಪ್ಲಾಸ್ಟಿಕ್ ಬಾಟಲಿ 40 × 15 = 600. ಕೈಗವಸು 296 ಜೊತೆ, ನೂರರ ಡಬ್ಬಿ 6 × 450 = 2,700. ಐಸ್ ಬಾಕ್ಸ್ 1,900. ಒಟ್ಟು ರೂ. 7,600.

ಹೊರಗಿನ ಲ್ಯಾಬ್: ರೂ. 68,800

ಸಾಲು 12. ನಮ್ಮ ಪರೀಕ್ಷೆಯ ಮೇಲೆ ಪರೀಕ್ಷೆ. 32 × 1,400 = ರೂ. 44,800. ಪ್ರತಿ ಸುತ್ತಿನಲ್ಲಿ ಚೀಟಿ ಎತ್ತಿ ಒಂದು ದಿನ ಆರಿಸುತ್ತೇವೆ. ಅವತ್ತಿನ ಎಂಟೂ ಮಾದರಿಗಳನ್ನು ನಾವು ಎರಡು ಸಲ ನೋಡುತ್ತೇವೆ, ಲ್ಯಾಬ್ ಒಂದು ಸಲ ನೋಡುತ್ತದೆ. ಒಮ್ಮೆ ಬಂದ ಹಳ್ಳಿಗಳನ್ನು ಮುಂದಿನ ಚೀಟಿಯಿಂದ ತೆಗೆಯುತ್ತೇವೆ. ವರ್ಷ ಮುಗಿಯುವಾಗ ಅರ್ಧದಷ್ಟು ಮೂಲಗಳಿಗೆ ಲ್ಯಾಬ್‌ನ ಫಲಿತಾಂಶವೂ ಇರುತ್ತದೆ. ಎರಡರ ನಡುವಿನ ವ್ಯತ್ಯಾಸವನ್ನು ನಿಮ್ಮ ವರದಿಯಲ್ಲಿ ಹಾಗೇ ಕೊಡುತ್ತೇವೆ.

ಸಾಲು 13. ಕಪ್ಪಾದ ಸೀಸೆಗಳ ಖಚಿತ ಪರೀಕ್ಷೆ. 40 × 600 = ರೂ. 24,000. ಎಚ್‌ಟುಎಸ್ ಅನುಮಾನ ಹುಟ್ಟಿಸುತ್ತದೆ ಅಷ್ಟೇ. 100 ಮಿಲಿಲೀಟರಿನಲ್ಲಿ ಇ-ಕೋಲಿ ಇದೆಯೇ ಎಂದು ಲ್ಯಾಬ್ ಹೇಳಬೇಕು. ಈ 40 ನಮ್ಮ ಬಜೆಟ್‌ನ ಅತಿ ದುರ್ಬಲ ಅಂಕಿ. ಕಳೆದ ವರ್ಷ ನಾವು 20 ಮೂಲಗಳಲ್ಲಿ ಮಾಡಿದ ಸಣ್ಣ ಪ್ರಯತ್ನದಲ್ಲಿ 3 ಕಪ್ಪಾದವು, ಅಂದರೆ 15%. 256ರ 15% 38.4. ಸುತ್ತಿಗೆ 10 ಎಂದು 40ಕ್ಕೆ ಏರಿಸಿದೆವು. ಇಪ್ಪತ್ತು ಮೂಲಗಳ ಅನುಭವ ಚಿಕ್ಕದು, ನಮಗೆ ಗೊತ್ತು. ಜಾಸ್ತಿ ಕಪ್ಪಾದರೆ ಹೆಚ್ಚು ಮನೆಗಳು ಕುಡಿಯುವ ಮೂಲಗಳನ್ನು ಮೊದಲು ಕಳಿಸುತ್ತೇವೆ, ಹೆಚ್ಚಿನ ಹಣ ಕೇಳುವುದಿಲ್ಲ. ಕಡಿಮೆಯಾದರೆ ಉಳಿದದ್ದು ವಾಪಸ್.

ಓಡಾಟ: ರೂ. 99,760

ಸಾಲು 14. ಬಾಡಿಗೆ ವಾಹನ, ಚಾಲಕ ಮತ್ತು ಇಂಧನ ಸೇರಿ. 40 ದಿನ × 2,200 = ರೂ. 88,000. ಬೈಕ್ ಅಗ್ಗ. ಆದರೆ ಐಸ್ ಬಾಕ್ಸ್, ಫೋಟೋಮೀಟರ್, ಇಬ್ಬರು ಜನ ಒಂದು ಬೈಕ್ ಮೇಲೆ ಹೋಗಲಾಗದು. ಸಂಯೋಜಕರ 12 ಭೇಟಿಗಳೂ ಇದೇ ವಾಹನದಲ್ಲಿ, ಅದಕ್ಕೆ ಬೇರೆ ಖರ್ಚಿಲ್ಲ.

ಸಾಲು 15. ಲ್ಯಾಬ್‌ಗೆ ಮಾದರಿ ಮುಟ್ಟಿಸುವ ಬಸ್ ಖರ್ಚು. ಸುತ್ತಿಗೆ 3 ಸಲ × 4 = 12 × 380 = ರೂ. 4,560. ಬ್ಯಾಕ್ಟೀರಿಯಾ ಪರೀಕ್ಷೆಯ ನೀರು ತಣ್ಣಗಿರಬೇಕು, 24 ಗಂಟೆ ದಾಟಬಾರದು. ಹಾಗಾಗಿ ಕೂಡಿಟ್ಟು ಒಮ್ಮೆಲೇ ಒಯ್ಯಲಾಗದು.

ಸಾಲು 16. ಸಭೆಗಳಿಗೆ ಬಸ್ ಖರ್ಚು. 16 ದಿನ × 3 ಜನ × 150 = ರೂ. 7,200.

ಹಳ್ಳಿಯವರ ಜೊತೆ: ರೂ. 60,760

ಸಾಲು 17. ಹಳ್ಳಿಗೆ ಇಬ್ಬರಂತೆ 32 ಸ್ವಯಂಸೇವಕರಿಗೆ ಎರಡು ದಿನದ ತರಬೇತಿ. ಊಟ, ಚಹಾ 36 ಜನ × 2 × 180 = 12,960. ಪ್ರಯಾಣ 32 × 2 × 100 = 6,400. ಲ್ಯಾಬ್ ತಂತ್ರಜ್ಞರ ಒಂದು ದಿನದ ಗೌರವಧನ 3,000. ಒಟ್ಟು ರೂ. 22,360. ಜಾಗ ಉಚಿತ.

ಸಾಲು 18. ಪ್ರತಿ ಮೂಲದ ಪಕ್ಕ ಬಣ್ಣದ ಬೋರ್ಡ್. 64 × 350 = ರೂ. 22,400. ಪ್ರತಿ ಸುತ್ತಿನ ಫಲಿತಾಂಶವನ್ನು ಸ್ವಯಂಸೇವಕರೇ ಅದರ ಮೇಲೆ ಬರೆಯುತ್ತಾರೆ. ನೀರು ಕುಡಿಯುವವರು ನಮ್ಮ ವರದಿ ಓದುವುದಿಲ್ಲ, ಇದನ್ನು ಓದುತ್ತಾರೆ.

ಸಾಲು 19. ಎರಡನೇ ಮತ್ತು ನಾಲ್ಕನೇ ಸುತ್ತಿನ ಬಳಿಕ ಹಳ್ಳಿಗೊಂದು ಸಭೆ. 32 × 500 = ರೂ. 16,000. ಫಲಿತಾಂಶದ ಪ್ರತಿಗಳು, ಮೈಕ್, ಚಹಾ.

ಕಚೇರಿ: ರೂ. 54,000

ಸಾಲು 20. ಬಾಡಿಗೆಯ ಪಾಲು 9,000 × 20% × 12 = 21,600 (ಐದು ಮೇಜುಗಳಲ್ಲಿ ಒಂದು ಈ ಯೋಜನೆಗೆ). ಫೋನ್, ಇಂಟರ್ನೆಟ್ 3 × 350 × 12 = 12,600. ಕಾಗದ, ಮುದ್ರಣ 400 × 12 = 4,800. ಒಟ್ಟು ರೂ. 39,000.

ಸಾಲು 21. ಯೋಜನೆಯ ಪ್ರತ್ಯೇಕ ಲೆಕ್ಕ ಪರಿಶೋಧನೆ, ರೂ. 15,000.

ಕಚೇರಿ ಖರ್ಚು ಒಟ್ಟು ಮೊತ್ತದ 6.9%. ಶೇಕಡಾವಾರು ಸೇರಿಸದೆ, ಆಗುವ ಖರ್ಚನ್ನೇ ಬರೆದಿದ್ದೇವೆ.

ಕೂಡಿದರೆ

```
3,67,992 + 74,500 + 61,900 + 68,800
+ 99,760 + 60,760 + 54,000 = 7,87,712
```

"ಇತರೆ" ಅಥವಾ "ಆಕಸ್ಮಿಕ" ಎಂಬ ಸಾಲು ಇಲ್ಲಿಲ್ಲ. ಒಡೆಯುವ ಸೀಸೆ, ಮರುಪರೀಕ್ಷೆ, ಮರುಭೇಟಿ ಎಲ್ಲವನ್ನೂ ಅವುಗಳ ಸಾಲಿನಲ್ಲೇ ಎಣಿಸಿದ್ದೇವೆ. ಒಂದು ಗುಂಪಿನಿಂದ ಇನ್ನೊಂದಕ್ಕೆ ಹಣ ಬದಲಿಸಬೇಕಾದರೆ ಖರ್ಚು ಮಾಡುವ ಮುಂಚೆ ನಿಮಗೆ ಬರೆದು ಕೇಳುತ್ತೇವೆ. ಸ್ವಯಂಸೇವಕರ ದುಡಿಮೆಗೆ ನಾವು ಬೆಲೆ ಕಟ್ಟಿಲ್ಲ, ಅದನ್ನು ಸಂಸ್ಥೆಯ ಪಾಲು ಎಂದೂ ತೋರಿಸಿಲ್ಲ. ಅದು ಆ ಹಳ್ಳಿಗಳದ್ದು.