ನವೆಂಬರ್ ಜಿಎಸ್‌ಟಿಆರ್-1: ಈ ವಾರದ ಕೆಲಸ ಹಂಚಿಕೆ

ಸೋಮವಾರ, 8 ಡಿಸೆಂಬರ್ 2025, ಬೆಳಗ್ಗೆ 9:40

ವಿದ್ಯಾ: ಗುಡ್ ಮಾರ್ನಿಂಗ್ ಎಲ್ಲರಿಗೂ. ನವೆಂಬರ್ ಜಿಎಸ್‌ಟಿಆರ್-1ದು 38 ಫೈಲ್‌ನಲ್ಲಿ 21 ಶನಿವಾರಕ್ಕೇ ಮುಗ್ಸಿದ್ದೀರ, ತುಂಬಾ ಥ್ಯಾಂಕ್ಸ್. ಉಳಿದಿರೋದು 17. ಡ್ಯೂ ಡೇಟ್ ಗುರುವಾರ 11, ಆದ್ರೆ ನಾವು ಬುಧವಾರ ಸಂಜೆ 6ಕ್ಕೆ ಮುಗ್ಸೋ ಹಾಗೆ ಪ್ಲಾನ್ ಮಾಡೋಣ. ಕೊನೇ ದಿನ ಪೋರ್ಟಲ್ ಸ್ಲೋ ಆಗತ್ತೆ, ಕ್ಲೈಂಟ್‌ಗಳು ಓಟಿಪಿ ಹೇಳೋಕೆ ಫೋನ್ ಎತ್ತಲ್ಲ. ಗುರುವಾರ ಆ ಥರದ ಕೇಸ್‌ಗಳಿಗೆ ಮಾತ್ರ ಇರ್ಲಿ.

11 ದಾಟಿದ್ರೆ ಬರೀ ಲೇಟ್ ಫೀ ಪ್ರಶ್ನೆ ಅಲ್ಲ. 12ನೇ ತಾರೀಖು ಫೈಲ್ ಮಾಡಿದ ಬಿಲ್ ಕೊಂಡುಕೊಂಡವರ ಈ ತಿಂಗಳ 2ಬಿಯಲ್ಲಿ ಬರಲ್ಲ, ಅವರ ಐಟಿಸಿ ಒಂದು ತಿಂಗಳು ಮುಂದಕ್ಕೆ ಹೋಗತ್ತೆ. ಆಮೇಲೆ ಅವರು ನಮ್ಮ ಕ್ಲೈಂಟ್‌ಗೆ ಪೇಮೆಂಟ್ ಹಿಡೀತಾರೆ.

ರಕ್ಷಿತ್ (6 ಫೈಲ್): ನಂಜನಗೂಡು ರೋಡ್ ಸಿಮೆಂಟ್ ಅಂಗಡಿ ಮತ್ತೆ ಹಾರ್ಡ್‌ವೇರ್ ಗುಂಪಿನ 5. ಈ ಟ್ರೇಡ್ ನಿಮಗೆ ಚೆನ್ನಾಗಿ ಗೊತ್ತು ಅಂತ ನಿಮ್ಗೇ ಕೊಟ್ಟಿದ್ದೀನಿ. ಸಿಮೆಂಟ್‌ದು ಮೊದ್ಲು ತಗೊಳ್ಳಿ. ಸೆಪ್ಟೆಂಬರ್ 22ರಿಂದ ರೇಟ್ 28ರಿಂದ 18ಕ್ಕೆ ಇಳಿದಿದೆಯಲ್ಲ, ನವೆಂಬರ್ ಸೇಲ್ ಬಿಲ್‌ನಲ್ಲಿ 28% ಕಂಡ್ರೆ ಅಂಗಡಿಯವರ ಹಳೇ ಐಟಂ ಮಾಸ್ಟರ್ ಅಪ್‌ಡೇಟ್ ಆಗಿಲ್ಲ ಅಂತ ಅರ್ಥ. ಅಂಥ ಬಿಲ್ ಇದ್ರೆ ಲಿಸ್ಟ್ ಮಾಡಿ ನನಗೆ ಕೊಡಿ, ಕ್ಲೈಂಟ್ ಜೊತೆ ನಾನು ಮಾತಾಡ್ತೀನಿ. ಕ್ರೆಡಿಟ್ ನೋಟ್‌ದು ಬೇರೆ ಲೆಕ್ಕ: ಸೆಪ್ಟೆಂಬರ್ 22ಕ್ಕೆ ಮುಂಚಿನ ಸೇಲ್‌ದು ಈಗ ವಾಪಸ್ ಬಂದಿದ್ರೆ ಅದು 28ರಲ್ಲೇ ಇರ್ಬೇಕು, ದಯವಿಟ್ಟು ಅದನ್ನ ತಿದ್ದಬೇಡಿ.

ಸಹನಾ (5 ಫೈಲ್): ಹೆಬ್ಬಾಳ್ ಇಂಡಸ್ಟ್ರಿಯಲ್ ಏರಿಯಾದ ಪ್ಯಾಕೇಜಿಂಗ್ ಕಂಪನಿ, ಮತ್ತೆ ಇ-ಇನ್‌ವಾಯ್ಸ್ ಇರೋ ಉಳಿದ 4. ಇವುಗಳ ಬಿಲ್ ಪೋರ್ಟಲ್‌ಗೆ ತಾನಾಗೇ ಬಂದಿರತ್ತೆ. ಹಾಗಾಗಿ ಟ್ಯಾಲಿಯಿಂದ ಪೂರ್ತಿ ಜೇಸನ್ ಹಾಕ್ಬೇಡಿ, ಹಾಕಿದ್ರೆ ಅದರ ಮೇಲೇ ಕೂತು ಐಆರ್‌ಎನ್ ಡೀಟೇಲ್ಸ್ ಅಳಿಸಿ ಹೋಗತ್ತೆ. ಪೋರ್ಟಲ್ ಲಿಸ್ಟ್‌ನ ಸೇಲ್ಸ್ ರಿಜಿಸ್ಟರ್ ಜೊತೆ ಮ್ಯಾಚ್ ಮಾಡಿ, ಬಿಟ್ಟುಹೋಗಿರೋದನ್ನ ಮಾತ್ರ ಸೇರಿಸಿ. ಟ್ಯಾಲಿಯಲ್ಲಿ ಕ್ಯಾನ್ಸಲ್, ಪೋರ್ಟಲ್‌ನಲ್ಲಿ ಇನ್ನೂ ಇದೆ ಅಂತ ಬಂದ್ರೆ 24 ಗಂಟೆ ಆದ್ಮೇಲೆ ಕ್ಯಾನ್ಸಲ್ ಮಾಡೋಕೆ ಹೋಗಿರ್ತಾರೆ. ಅದಕ್ಕೆ ಕ್ರೆಡಿಟ್ ನೋಟ್ ಬೇಕು, ನೀವು ಡಿಲೀಟ್ ಮಾಡ್ಬೇಡಿ, ನನಗೆ ಬಿಲ್ ನಂಬರ್ ಹಾಕಿ. ಕಂಪನಿಗಳಿಗೆ ಡಿಎಸ್‌ಸಿನೇ ಬೇಕಲ್ವಾ, ಟೋಕನ್ ನಮ್ಮ ಬೀರುವಿನಲ್ಲಿದೆಯಾ ಅಂತ ಇವತ್ತೇ ಒಂದ್ಸಲ ನೋಡ್ಕೊಂಡ್ಬಿಡಿ.

ನವೀನ್ (3 ಫೈಲ್): ಕೆ.ಆರ್. ನಗರದ ರೈಸ್ ಮಿಲ್ ಮತ್ತೆ ಎರಡು ಬಟ್ಟೆ ಅಂಗಡಿ. ಇದು ನಿಮ್ಮ ಮೊದಲನೇ ತಿಂಗಳು, ಸ್ಪೀಡ್ ಬೇಡ, ದಿನಕ್ಕೆ ಒಂದು ಫೈಲ್ ಸಾಕು. ಮಿಲ್‌ದು ಒಂದು ವಿಷಯ: 25 ಕೆ.ಜಿ.ವರೆಗಿನ ಲೇಬಲ್ ಪ್ಯಾಕ್ 5%, 26 ಕೆ.ಜಿ. ಚೀಲ ಎಕ್ಸೆಂಪ್ಟ್. ಎಕ್ಸೆಂಪ್ಟ್ ಸೇಲ್ ಟೇಬಲ್ 8ಕ್ಕೆ ಹೋಗ್ಬೇಕು, ಅಲ್ಲೇ ಹೊಸಬರಿಗೆ ಬಿಟ್ಟುಹೋಗತ್ತೆ. ಜೇಸನ್ ಅಪ್‌ಲೋಡ್ ಆದ್ಮೇಲೆ 15 ನಿಮಿಷ ಬಿಟ್ಟು ಸ್ಟೇಟಸ್ ನೋಡಿ. ಎರರ್ ಬಂದ್ರೆ ಎರರ್ ರಿಪೋರ್ಟ್ ಡೌನ್‌ಲೋಡ್ ಮಾಡಿ ರಕ್ಷಿತ್‌ಗೆ ತೋರಿಸಿ. ರಕ್ಷಿತ್, ದಿನಾ 4ರಿಂದ 4:30 ನವೀನ್ ಜೊತೆ ಕೂರೋಕೆ ಆಗತ್ತಾ? ಕಷ್ಟ ಆದ್ರೆ ಹೇಳಿ, ನಾನೇ ಕೂರ್ತೀನಿ.

ಐಶ್ವರ್ಯಾ ಜನವರಿ ಎಕ್ಸಾಮ್‌ಗೆ ಲೀವ್‌ನಲ್ಲಿದ್ದಾರೆ. ಅವರ 3 ಫೈಲ್ ನಾನು ನೋಡ್ಕೋತೀನಿ. ಏನೇ ಡೌಟ್ ಬಂದ್ರೂ ಅವರಿಗೆ ಕಾಲ್ ಮಾಡ್ಬೇಡಿ ಪ್ಲೀಸ್, ನನ್ನ ಕೇಳಿ.

ಫೈಲ್ ಬಟನ್ ಒತ್ತೋ ಮುಂಚೆ ಎಲ್ಲರೂ ಸಮ್ಮರಿ ಪಿಡಿಎಫ್ ನನಗೆ ಕಳ್ಸಿ. ಟ್ಯಾಕ್ಸಬಲ್ ವ್ಯಾಲ್ಯೂ ಟ್ಯಾಲಿ ಜೊತೆ 1-2 ರೂಪಾಯಿ ರೌಂಡ್ ಆಫ್ ವ್ಯತ್ಯಾಸ ಇದ್ರೆ ಪರವಾಗಿಲ್ಲ, 10 ರೂಪಾಯಿ ದಾಟಿದ್ರೆ ನಿಲ್ಸಿ. ಜುಲೈ ರಿಟರ್ನ್‌ನಿಂದ 3ಬಿಯಲ್ಲಿ ಲಯಬಿಲಿಟಿ ಲಾಕ್ ಆಗಿ ಬರತ್ತೆ, ಮೊದಲಿನ ಹಾಗೆ ಅಲ್ಲಿ ತಿದ್ದಿಕೊಳ್ಳೋಕೆ ಆಗಲ್ಲ, 3ಬಿ ಹಾಕೋ ಮುಂಚೆ 1ಎ ಹಾಕ್ಬೇಕಾಗತ್ತೆ. ಅದಕ್ಕೇ ಚೆಕಿಂಗ್ ಇಟ್ಟಿರೋದು, ನಿಮ್ಮ ಕೆಲಸದ ಮೇಲೆ ಡೌಟ್ ಇಟ್ಕೊಂಡಲ್ಲ. ಕಳ್ಸಿದ ಒಂದು ಗಂಟೆಯೊಳಗೆ ನಾನು ನೋಡಿ ಹೇಳ್ತೀನಿ.

ಸ್ಟೇಟಸ್ `Nov25_GSTR1_Status` ಶೀಟ್‌ನಲ್ಲಿ ಹಾಕಿ: `Data awaited`, `Ready for check`, `Filed`. ಇವತ್ತು 12 ಗಂಟೆಯೊಳಗೆ ಡೇಟಾ ಯಾರ್ದು ಬಂದಿಲ್ಲ ಅಂತ ಮಾರ್ಕ್ ಮಾಡಿದ್ರೆ ಮಧ್ಯಾಹ್ನ ನಾನೇ ಆ ಕ್ಲೈಂಟ್‌ಗಳಿಗೆ ಫೋನ್ ಮಾಡ್ತೀನಿ. ಹಂಚಿರೋದು ಜಾಸ್ತಿ ಅನ್ಸಿದ್ರೆ, ಬೇರೆ ಕೆಲಸ ಅಡ್ಡ ಬಂದ್ರೆ ಈಗ್ಲೇ ಹೇಳಿ, ಇವತ್ತು ಬದಲಾಯಿಸೋದು ಸುಲಭ.

ರಕ್ಷಿತ್, 9:52: ಓಕೆ ಮೇಡಂ. 4 ಗಂಟೆ ಆಗತ್ತೆ. ಸಿಮೆಂಟ್ ಡೇಟಾ ಬಂದಿದೆ, ಶುರು ಮಾಡ್ತಿದ್ದೀನಿ.

ಸಹನಾ, 9:58: ಮೇಡಂ, ಬುಧವಾರ ಪೂರ್ತಿ ದಿನ ಸ್ಟಾಕ್ ಆಡಿಟ್‌ಗೆ ಹೋಗೋಕೆ ಸರ್ ಹೇಳಿದ್ದಾರೆ. 5 ಕಷ್ಟ ಆಗಬಹುದು. ಸಾರಿ.

ವಿದ್ಯಾ, 10:03: ಸಾರಿ ಯಾಕೆ, ಈಗ್ಲೇ ಹೇಳಿದ್ದು ಒಳ್ಳೇದಾಯ್ತು. ಆಡಿಟ್ ವಿಷಯ ನನಗೆ ಗೊತ್ತಿರ್ಲಿಲ್ಲ. ಪ್ಯಾಕೇಜಿಂಗ್ ಮತ್ತೆ ಇನ್ನೆರಡು ನೀವು ನಾಳೆ ಸಂಜೆಯೊಳಗೆ ಮುಗ್ಸಿ, ಉಳಿದ 2 ನನಗೆ ಬಿಡಿ. ಶೀಟ್‌ನಲ್ಲಿ ಹೆಸರು ಬದಲಾಯಿಸಿದ್ದೀನಿ: ಸಹನಾ 3, ನಾನು 5.

ಸಹನಾ, 10:05: ಥ್ಯಾಂಕ್ಯೂ ಮೇಡಂ, 3 ಆರಾಮಾಗಿ ಆಗತ್ತೆ.

ಮಂಗಳವಾರ, 9 ಡಿಸೆಂಬರ್, ಮಧ್ಯಾಹ್ನ 3:15

ವಿದ್ಯಾ: 17ರಲ್ಲಿ 9 ಫೈಲ್ ಆಯ್ತು. ರಕ್ಷಿತ್, ಆ ಕ್ರೆಡಿಟ್ ನೋಟ್ ಎರಡನ್ನೂ ಒರಿಜಿನಲ್ ಬಿಲ್ ಡೇಟ್ ನೋಡಿ 28ರಲ್ಲೇ ಬಿಟ್ಟಿದ್ದು ಸರಿಯಾಗಿದೆ. ನವೀನ್, ಮಿಲ್ ಫೈಲ್ ನಿನ್ನೆಯಿಂದ `Data awaited`ನಲ್ಲೇ ಇದೆ. ಡೇಟಾ ಬಂದಿಲ್ವಾ, ಇಲ್ಲ ಬಂದು ಎಲ್ಲಾದ್ರೂ ಸಿಕ್ಕಿಹಾಕಿಕೊಂಡಿದೆಯಾ?

ನವೀನ್, 3:21: ಬಂದಿದೆ ಮೇಡಂ, ಶೀಟ್ ಅಪ್‌ಡೇಟ್ ಮಾಡೋದು ಮರೆತೆ. ಟೇಬಲ್ 12ರ ಬಿ2ಬಿ ಟ್ಯಾಬ್ ಟೋಟಲ್, ಬಿ2ಬಿ ಬಿಲ್‌ಗಳ ಟೋಟಲ್‌ಗಿಂತ 42,000 ಕಡಿಮೆ ತೋರಿಸ್ತಿದೆ. ಯಾಕೆ ಅಂತ ಗೊತ್ತಾಗ್ತಿಲ್ಲ. ಬೆಳಗ್ಗೆಯಿಂದ ಹುಡುಕ್ತಿದ್ದೀನಿ.

ವಿದ್ಯಾ, 3:26: ಸರಿ, ಒಳ್ಳೇ ಕಡೇನೇ ನಿಲ್ಸಿದ್ದೀರ. ಮೊದ್ಲು ಬಿ2ಸಿ ಟ್ಯಾಬ್ ನೋಡಿ, ಅಲ್ಲಿ ಅದೇ 42,000 ಹೆಚ್ಚಿದೆಯಾ? ಮೇ ರಿಟರ್ನ್‌ನಿಂದ ಟೇಬಲ್ 12 ಎರಡು ಭಾಗ ಆಗಿದೆ, ಮಿಲ್‌ನವರು ಎಚ್‌ಎಸ್‌ಎನ್ ಶೀಟ್‌ನ ಕೈಯಲ್ಲೇ ಎಕ್ಸೆಲ್‌ನಲ್ಲಿ ಮಾಡಿಕೊಡ್ತಾರೆ. ಜಿಎಸ್‌ಟಿ ನಂಬರ್ ಇರೋ ಯಾವುದಾದ್ರೂ ಹೋಟೆಲ್ ಬಿಲ್‌ನ ಬಿ2ಸಿಗೆ ಕೂಡಿಸಿರಬಹುದು. ಮುಂದಿನ ಸಲ ಅರ್ಧ ಗಂಟೆ ಹುಡುಕಿ ಸಿಗದಿದ್ರೆ ಇಲ್ಲೇ ಕೇಳ್ಬಿಡಿ, ಯಾರಿಗಾದ್ರೂ ಗೊತ್ತಿರತ್ತೆ.

ನವೀನ್, 3:44: ಹೌದು ಮೇಡಂ! 42,000ದ ಒಂದು ಹೋಟೆಲ್ ಬಿಲ್. ಸರಿ ಮಾಡಿದೆ, ಈಗ ಎರಡೂ ಟ್ಯಾಲಿ ಆಗ್ತಿದೆ. `Ready for check` ಹಾಕಿದ್ದೀನಿ.

ವಿದ್ಯಾ, 4:10: ನೋಡಿದೆ, ಟೇಬಲ್ 8 ಕೂಡ ಸರಿಯಾಗಿದೆ. ಫೈಲ್ ಮಾಡಿ. ಓಟಿಪಿಗೆ ಮಿಲ್ ಮಾಲೀಕರಿಗೆ ಮೊದಲು ಫೋನ್ ಮಾಡಿ, ಅವರು ಲೈನ್‌ನಲ್ಲಿದ್ದಾಗ್ಲೇ ಓಟಿಪಿ ಕಳ್ಸಿ. ಎಆರ್‌ಎನ್ ಬಂದ್ಮೇಲೆ ಶೀಟ್‌ಗೆ ಹಾಕಿ. ಮತ್ತೆ ಶುಕ್ರವಾರ ಕ್ವಾರ್ಟರ್ಲಿ ಕ್ಲೈಂಟ್‌ಗಳ 4 ಐಎಫ್‌ಎಫ್ ಇದೆ, ಡ್ಯೂ ಶನಿವಾರ 13. ಅದನ್ನ ನೀವೇ ಟ್ರೈ ಮಾಡ್ತೀರಾ? ಬಿ2ಬಿ ಬಿಲ್ ಮಾತ್ರ, ಮೊದಲನೇದು ಇಬ್ಬರೂ ಜೊತೆಗೆ ಕೂತು ಮಾಡೋಣ.

ನವೀನ್, 4:12: ಖಂಡಿತ ಮೇಡಂ.